ಟೇಪಿನ ಎರಡು ಅಂಚು

ಇಂಚನ್ನು 25.4ರಿಂದ ಗುಣಿಸಿದರೆ ಎಂಎಂ ಬರುತ್ತದೆ. ಟೇಪಿನ ಒಂದು ಅಂಚಿನಲ್ಲಿ ಇಂಚಿದೆ, ಇನ್ನೊಂದು ಅಂಚಿನಲ್ಲಿ ಎಂಎಂ ಇದೆ. ಎಲ್ಲರ ಜೇಬಿನಲ್ಲೂ ಫೋನಿದೆ. ಹೀಗಿರುವಾಗ ಮರಗೆಲಸದಲ್ಲಿ ಅಳತೆ ಬದಲಾಯಿಸುವುದರಲ್ಲಿ ಕಷ್ಟವೇನಿದೆ? ಬೆಂಗಳೂರಿನಲ್ಲಿ ಒಳಾಂಗಣ ಕೆಲಸ ನಡೆಯುವ ಯಾವ ಸೈಟಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಡಿಸೈನರ್ ಹೇಳುತ್ತಾರೆ, ಕಂಟ್ರ್ಯಾಕ್ಟರ್ ಹೇಳುತ್ತಾರೆ, ಮನೆ ಕಟ್ಟಿಸುತ್ತಿರುವವರೂ ಹೇಳುತ್ತಾರೆ. ಕೊನೆಗೆ ಡ್ರಾಯರ್ ಒಳಗೆ ಹೋಗದೆ ನಿಂತಾಗ ಎಲ್ಲರೂ ಸೇರಿ ಒಂದೇ ತೀರ್ಪು ಕೊಡುತ್ತಾರೆ: ಆಚಾರಿಗೆ ಎಂಎಂ ಲೆಕ್ಕ ಬರುವುದಿಲ್ಲ.

ಈ ನಂಬಿಕೆಯೂ ತಪ್ಪು, ಈ ತೀರ್ಪೂ ತಪ್ಪು. ಗುಣಾಕಾರದಲ್ಲಿ ದೋಷವಿಲ್ಲ. ಗುಣಿಸುವ ಸಂಖ್ಯೆ ಎಲ್ಲಿಂದ ಬಂತು, ಅದು ಅಳೆದು ಬಂದದ್ದೋ, ಅಂಗಡಿಯಲ್ಲಿ ಕರೆಯುವ ಹೆಸರೋ, ಬಾಯಿಂದ ಬಾಯಿಗೆ ಬರುವಾಗ ಅದರ ಚುಕ್ಕೆ ಎಲ್ಲಿಗೆ ಸರಿಯಿತು ಎಂಬುದನ್ನು ನೋಡದೆ ಗುಣಿಸುವುದರಲ್ಲಿ ದೋಷವಿದೆ. ಒಂದೇ ಕೆಲಸವನ್ನು ಎರಡು ಮಾನದಲ್ಲಿ ನಡೆಸಿ, ನಡುನಡುವೆ ಫೋನ್ ತೆಗೆದು ಬದಲಾಯಿಸಿಕೊಳ್ಳುತ್ತಾ ಹೋಗುವ ಪದ್ಧತಿಯೇ ಕೆಲಸವನ್ನು ಕೆಡಿಸುತ್ತಿದೆ. ಅದರ ದಂಡವನ್ನು ಮಾತ್ರ ಗರಗಸ ಹಿಡಿದವನು ತೆರುತ್ತಿದ್ದಾನೆ.

25.4 ಎಂಬುದು ಅಂದಾಜಿನ ಸಂಖ್ಯೆ, ಅದಕ್ಕೇ ಹೊಂದಿಕೆಯಾಗುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳು ಒಪ್ಪಿಕೊಂಡ ಮೇಲೆ ಇಂಚು ಅಂದರೆ ಸರಿಯಾಗಿ 25.4 ಎಂಎಂ, ಅದರಾಚೆಗೆ ಇನ್ನೊಂದು ಅಂಕಿಯೂ ಇಲ್ಲ. ಒಂದಡಿ ಸರಿಯಾಗಿ 304.8. ಹಾಗಾಗಿ ಇಂಚಿನ ಯಾವ ಭಿನ್ನರಾಶಿಯನ್ನೂ ಎಂಎಂಗೆ ಪೂರ್ತಿ ನಿಖರವಾಗಿ ತರಬಹುದು. ನೂಲಿನ ಲೆಕ್ಕದಲ್ಲಿ ಕೆಲಸ ಮಾಡುವುದು ಹಿಂದುಳಿದವರ ಲಕ್ಷಣ, ಎಂಎಂ ಬಂದರೆ ನಿಖರತೆ ತಾನಾಗಿ ಬರುತ್ತದೆ ಎಂಬ ಮಾತನ್ನು ಇಲ್ಲಿಯೇ ಪಕ್ಕಕ್ಕಿಡೋಣ. ಇಂಚನ್ನು ಅರ್ಧ, ಕಾಲು, ಅರೆಕಾಲು ಎಂದು ಅರ್ಧರ್ಧ ಮಾಡುತ್ತಾ ಹೋಗುವುದು ಬಲು ಅಚ್ಚುಕಟ್ಟಾದ ಕ್ರಮ. ಹಲಗೆಯ ನಡುಗೆರೆ ಹಿಡಿಯಬೇಕಾದಾಗ ಹಳೆಯ ಬಡಗಿ ಕಾಗದವಿಲ್ಲದೆ ಹೇಳುವ ಉತ್ತರಕ್ಕೆ ಕ್ಯಾಲ್ಕುಲೇಟರ್ ಬೇಕಿಲ್ಲ. ಪೂರ್ತಿ ಇಂಚಿನಲ್ಲೇ ಆದ ಕೆಲಸ ಕೆಡುವುದಿಲ್ಲ, ಪೂರ್ತಿ ಎಂಎಂನಲ್ಲೇ ಆದ ಕೆಲಸವೂ ಕೆಡುವುದಿಲ್ಲ. ಕೆಡುವುದು ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ.

ದಾಟುವಾಗ ಮೊದಲು ಎಡವುವುದು ಚುಕ್ಕೆಯ ಬಳಿ. ನಮ್ಮ ಬಡಗಿಗಳಿಗೆ ಇಂಚೆಂದರೆ ಎಂಟು ನೂಲು. ರಾಜಸ್ಥಾನ, ಉತ್ತರ ಪ್ರದೇಶಗಳಿಂದ ಬಂದವರು ಅದನ್ನೇ ಸೂತ್ ಎನ್ನುತ್ತಾರೆ. ಸೈಟಿನಲ್ಲಿ ಒಬ್ಬರು ಟೇಪು ಹಿಡಿದು ಕೂಗುತ್ತಾರೆ, ಇನ್ನೊಬ್ಬ ಹುಡುಗ ಪ್ಲೈವುಡ್ಡಿನ ತುಂಡಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಾನೆ.

"ಎಷ್ಟು ಬಂತು ಆಚಾರ್ರೇ?"

"ಮೂವತ್ತನಾಲ್ಕೂ ಆರು ನೂಲು ಬರ್ಕೊಳೋ."

ಹುಡುಗ ಬರೆಯುವುದು 34.6. ಅವರಿಬ್ಬರ ನಡುವೆ ಅದು ಸರಿಯಾದ ಬರಹವೇ, ಚುಕ್ಕೆಯ ಬಲಗಡೆ ಇರುವುದು ನೂಲು ಎಂದು ಇಬ್ಬರಿಗೂ ಗೊತ್ತು. ಆ ತುಂಡಿನ ಫೋಟೋ ಪ್ಯಾನೆಲ್ ಕತ್ತರಿಸಿಕೊಡುವ ಅಂಗಡಿಗೆ ಹೋಗುತ್ತದೆ. ಅಲ್ಲಿನ ಯಂತ್ರಕ್ಕೆ ಎಂಎಂ ಬೇಕು. ಅಲ್ಲಿ ಕೂತವರು 34.6ನ್ನು 25.4ರಿಂದ ಗುಣಿಸುತ್ತಾರೆ, 878.84 ಬರುತ್ತದೆ, 879 ಎಂದು ಯಂತ್ರಕ್ಕೆ ಕೊಡುತ್ತಾರೆ. ಆದರೆ ಆರು ನೂಲೆಂದರೆ ಮುಕ್ಕಾಲು ಇಂಚು. ಅಳತೆ 34.75, ಅಂದರೆ 882.65, ಬೇಕಾಗಿದ್ದುದು 883. ಹಲಗೆ ನಾಲ್ಕು ಎಂಎಂ ಗಿಡ್ಡವಾಗಿ ಬರುತ್ತದೆ. ಅಳೆದವರದು ತಪ್ಪಲ್ಲ, ಬರೆದವನದು ತಪ್ಪಲ್ಲ, ಗುಣಿಸಿದವರದೂ ತಪ್ಪಲ್ಲ. "ಬರೀ ಗುಣಾಕಾರ ತಾನೇ" ಎಂದು ಎಲ್ಲರಿಗೂ ಕಲಿಸಿಟ್ಟದ್ದು ತಪ್ಪು.

ಈ ತಪ್ಪು ಬೇಗ ಸಿಕ್ಕಿಬೀಳದಿರುವುದಕ್ಕೂ ಕಾರಣವಿದೆ. ಅದು ಪ್ರತಿ ಸಲ ಒಂದೇ ಅಳತೆಯಲ್ಲಿ ಬರುವುದಿಲ್ಲ. ಒಂದು ನೂಲನ್ನು 0.1 ಎಂದು ಓದಿದರೆ ಆಗುವ ಕೊರತೆ ಅರ್ಧ ಎಂಎಂಗಿಂತ ಸ್ವಲ್ಪ ಹೆಚ್ಚು, ಯಾರೂ ಗಮನಿಸುವುದಿಲ್ಲ. ಏಳು ನೂಲನ್ನು 0.7 ಎಂದು ಓದಿದರೆ ಕೊರತೆ ನಾಲ್ಕೂವರೆ ಎಂಎಂ. ಒಂದೇ ದಿನ, ಒಂದೇ ಪಟ್ಟಿಯಿಂದ ಕತ್ತರಿಸಿದ ಹಲಗೆಗಳಲ್ಲಿ ಒಂದು ಸರಿಯಾಗಿ ಕೂರುತ್ತದೆ, ಇನ್ನೊಂದು ಕೂರುವುದಿಲ್ಲ. ಆಗ ಸಂಶಯ ಹೋಗುವುದು ಕೈಯ ಮೇಲೆ, ಬ್ಲೇಡಿನ ಮೇಲೆ, ಗೋಡೆಯ ಸೊಟ್ಟದ ಮೇಲೆ. ಚುಕ್ಕೆಯ ಮೇಲೆ ಹೋಗುವುದೇ ಇಲ್ಲ.

ಅಡಿಯ ಲೆಕ್ಕದಲ್ಲಿ ಇದೇ ಚುಕ್ಕೆ ಇನ್ನೂ ಹೆಚ್ಚು ಹಾನಿ ಮಾಡುತ್ತದೆ. ಐದಡಿ ಆರಿಂಚನ್ನು ನಾವೆಲ್ಲ 5.6 ಎಂದೇ ಬರೆಯುತ್ತೇವೆ, ಮನುಷ್ಯರ ಎತ್ತರವನ್ನೂ ಹಾಗೆಯೇ ಹೇಳುತ್ತೇವೆ. ಐದಡಿ ಆರಿಂಚು ಎಂದರೆ 1676 ಎಂಎಂ. 5.6 ಅಡಿ ಎಂದು ಫೋನಿಗೆ ಕೊಟ್ಟರೆ ಅದು 1707 ಎನ್ನುತ್ತದೆ. ಮೂವತ್ತು ಎಂಎಂ ವ್ಯತ್ಯಾಸ. ಇದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ಹೇಗೋ ಹಿಡಿಯಬಹುದು. ನೂಲಿನ ಚುಕ್ಕೆಯೇ ಅಪಾಯದ್ದು.

ಇಷ್ಟಕ್ಕೆ "ಎಚ್ಚರಿಕೆಯಿಂದ ಬರೆದರಾಯಿತು" ಎಂದು ಉತ್ತರ ಕೊಡುವವರಿದ್ದಾರೆ. ಬರಹದ ಎಚ್ಚರಿಕೆ ಚುಕ್ಕೆಯನ್ನು ಸರಿಮಾಡೀತು. ಅದಕ್ಕಿಂತ ಆಳವಾದ ತೊಡಕನ್ನು ಅದು ಮುಟ್ಟುವುದಿಲ್ಲ. ಮರಗೆಲಸದಲ್ಲಿ ಬಾಯಲ್ಲಿ ಓಡಾಡುವ ಇಂಚುಗಳಲ್ಲಿ ಅರ್ಧಕ್ಕರ್ಧ ಅಳತೆಗಳೇ ಅಲ್ಲ. ಅವು ಸಾಮಾನಿನ ಹೆಸರುಗಳು. ಮುಕ್ಕಾಲು ಇಂಚಿನ ಪ್ಲೈ ಕೊಡಿ ಎಂದು ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು 18 ಎಂಎಂ ಹಾಳೆ. ಗುಣಿಸಿ ನೋಡಿದರೆ ಮುಕ್ಕಾಲು ಇಂಚು 19.05. ಅರ್ಧ ಇಂಚಿನ ಪ್ಲೈ ಎಂದರೆ 12 ಎಂಎಂ, ಗುಣಿಸಿದರೆ 12.7. ಕಾಲಿಂಚಿನದು 6, ಗುಣಿಸಿದರೆ 6.35. ಎಂಟಡಿ ಹಾಳೆ 2440, ಗುಣಿಸಿದರೆ 2438.4. ಇವುಗಳಲ್ಲಿ ಯಾವುದನ್ನೂ ಪರಿವರ್ತನೆಯ ಕೋಷ್ಟಕ ಹೇಳಲಾರದು. ಕೋಷ್ಟಕಕ್ಕೆ ಗೊತ್ತಿರುವುದು ಇಂಚು, ಅಂಗಡಿಯ ವಾಡಿಕೆಯಲ್ಲ.

ಡ್ರಾಯರಿಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್ಲನ್ನೇ ನೋಡಿ. ಒಂದೇ ಸಾಮಾನಿನಲ್ಲಿ ಇಂಚು ಎರಡು ಬಗೆಯಾಗಿ ವರ್ತಿಸುತ್ತದೆ. ಮಾಮೂಲಿ ಚಾನೆಲ್ಲಿನ ದಪ್ಪ ಅರ್ಧ ಇಂಚು ಎನ್ನುತ್ತಾರೆ, ಅದು ನಿಜವಾದ ಅರ್ಧ ಇಂಚು, 12.7 ಎಂಎಂ. ಅದೇ ಚಾನೆಲ್ಲಿನ ಉದ್ದವನ್ನು 18 ಇಂಚು, 20 ಇಂಚು, 22 ಇಂಚು ಎಂದು ಕೇಳಿ ಕೊಳ್ಳುತ್ತೇವೆ. ಆ ಉದ್ದಗಳು 450, 500, 550 ಎಂಎಂ. 18 ಇಂಚನ್ನು ಗುಣಿಸಿದರೆ 457 ಬರಬೇಕಿತ್ತು, 22 ಇಂಚು 559 ಆಗಬೇಕಿತ್ತು. ಉದ್ದದ ಇಂಚು ಹೆಸರು, ದಪ್ಪದ ಇಂಚು ಅಳತೆ. ಕ್ಯಾಬಿನೆಟ್ಟಿನ ಒಳಗಿನ ಆಳ 555 ಎಂಎಂ ಇದೆ ಎನ್ನಿ. 22 ಇಂಚನ್ನು ಗುಣಿಸಿ ನೋಡಿದವರು "559, ಹಿಡಿಯುವುದಿಲ್ಲ" ಎಂದು 20 ಇಂಚಿನದನ್ನು ತರುತ್ತಾರೆ. 22 ಇಂಚಿನದು 550, ಸಲೀಸಾಗಿ ಕೂರುತ್ತಿತ್ತು. ಡ್ರಾಯರ್ ಐವತ್ತು ಎಂಎಂ ಕಡಿಮೆ ಹೊರಗೆ ಬರುತ್ತದೆ, ಹಿಂದಿನ ಸಾಮಾನಿಗೆ ಕೈ ಹಾಕಿ ತಡಕಬೇಕು. ಸರಿಯಾಗಿ ಗುಣಿಸಿದ್ದರಿಂದಲೇ ಆದ ನಷ್ಟವಿದು.

ಇನ್ನು ಅಗಲದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿಯೇ ನೋಡೋಣ, ಏಕೆಂದರೆ ವಾದಕ್ಕಿಂತ ಈ ಲೆಕ್ಕವೇ ಹೆಚ್ಚು ಹೇಳುತ್ತದೆ. ನಕ್ಷೆಯಲ್ಲಿ 600 ಎಂಎಂ ಹೊರ ಅಗಲದ ಅಡುಗೆಮನೆ ಬಾಕ್ಸ್ ಇದೆ. ಎರಡೂ ಬದಿಗೆ 18 ಎಂಎಂ ಪ್ಲೈ. ಒಳಬದಿಗೆ ಲ್ಯಾಮಿನೇಟ್ ಇಲ್ಲವೆಂದೇ ಇಟ್ಟುಕೊಳ್ಳೋಣ, ಇದ್ದರೆ ಎರಡು ಕಡೆಯ ದಪ್ಪವನ್ನೂ ಕಳೆಯಬೇಕು. ಒಳಗಿನ ತೆರಪು 600ರಲ್ಲಿ 36 ಹೋಗಿ 564. ಎರಡು ಚಾನೆಲ್ಲಿಗೆ 12.7ರಂತೆ 25.4 ಕಳೆದರೆ 538.6. ಡ್ರಾಯರಿನ ಹೊರ ಅಗಲ 538 ಇಟ್ಟರೆ ಅರ್ಧ ಎಂಎಂ ಸಡಿಲ ಸಿಗುತ್ತದೆ, ಚಾನೆಲ್ ನಯವಾಗಿ ಓಡುತ್ತದೆ. ಈ ಚಾನೆಲ್ ಸಹಿಸುವ ಸಡಿಲ ಹೆಚ್ಚುಕಡಿಮೆ ಒಂದು ಎಂಎಂ. ಬಿಗಿಯನ್ನಂತೂ ಸಹಿಸುವುದೇ ಇಲ್ಲ.

ಈಗ ಅದೇ ಬಾಕ್ಸನ್ನು ಇಂಚಿಗೆ ದಾಟಿಸಿ ಕೆಲಸ ಮಾಡುವವರ ಲೆಕ್ಕ ನೋಡಿ. 600ನ್ನು 25.4ರಿಂದ ಭಾಗಿಸಿದರೆ 23.62, ಟೇಪಿನಲ್ಲಿ ಅದು 23 ಇಂಚು 5 ನೂಲು. ಇಲ್ಲಿಯವರೆಗೆ ಏನೂ ಕೆಟ್ಟಿಲ್ಲ, ಆ ಅಳತೆ 600.08 ಎಂಎಂ. ಮುಂದೆ ಎರಡು ಮುಕ್ಕಾಲಿಂಚಿನ ಬದಿಗಳು, ಕಳೆಯಬೇಕಾದದ್ದು ಒಂದೂವರೆ ಇಂಚು, ಉಳಿದದ್ದು 22 ಇಂಚು 1 ನೂಲು. ಎರಡು ಚಾನೆಲ್ಲಿಗೆ ಒಂದಿಂಚು ಕಳೆದು 21 ಇಂಚು 1 ನೂಲಿಗೆ ಡ್ರಾಯರ್ ಕತ್ತರಿಸುತ್ತಾರೆ. ಅದು 536.6 ಎಂಎಂ. ನಿಜವಾದ ತೆರಪು 564, ಹಾಗಾಗಿ ಎರಡು ಬದಿಗೆ ಸೇರಿ ಉಳಿದ ಜಾಗ 27.4. ಬೇಕಾಗಿದ್ದಕ್ಕಿಂತ ಎರಡು ಎಂಎಂ ಹೆಚ್ಚು. ಡ್ರಾಯರ್ ಪೂರ್ತಿ ಎಳೆದಾಗ ಅಲ್ಲಾಡುತ್ತದೆ, ಮುಂದಿನ ಮುಖ ಒಂದು ಪಕ್ಕಕ್ಕೆ ಜೋಲುತ್ತದೆ. ಬಡಗಿ ಚಾನೆಲ್ಲಿನ ಹಿಂದೆ ಲ್ಯಾಮಿನೇಟ್ ಚೂರು ತುರುಕಿ ಸರಿಮಾಡುತ್ತಾನೆ. ನಮ್ಮ ಅಡುಗೆಮನೆಗಳಲ್ಲಿ ಚಾನೆಲ್ ಬಿಚ್ಚಿ ನೋಡಿದರೆ ಆ ಚೂರುಗಳು ಕಾಣಿಸುತ್ತವೆ.

ಇನ್ನೊಬ್ಬರು ಎಂಎಂನಲ್ಲೇ ಕೆಲಸ ಮಾಡುವವರು. ಅವರು 564ರವರೆಗೆ ಸರಿಯಾಗಿ ಬರುತ್ತಾರೆ. ಚಾನೆಲ್ ಅರ್ಧ ಇಂಚು ಎಂದು ಕೇಳಿದ್ದಾರೆ, ಅರ್ಧ ಇಂಚೆಂದರೆ 12 ಎಂಎಂ ಎಂದು ಪ್ಲೈ ಅಂಗಡಿ ಅವರಿಗೆ ಕಲಿಸಿದೆ. 24 ಕಳೆದು 540ಕ್ಕೆ ಕತ್ತರಿಸುತ್ತಾರೆ. ಈ ಸಲ ಜಾಗ ಒಂದೂವರೆ ಎಂಎಂನಷ್ಟು ಕಡಿಮೆ. ಡ್ರಾಯರನ್ನು ಒತ್ತಿ ತುಂಬಿದರೆ ಹೋಗುತ್ತದೆ, ಆದರೆ ಗುಂಡುಗಳು ಕರಕರ ಎನ್ನುತ್ತವೆ, ಬಾಕ್ಸಿನ ಬದಿಗಳು ಹೊರಕ್ಕೆ ಉಬ್ಬುತ್ತವೆ, ಪಕ್ಕದ ಬಾಗಿಲಿನ ಸಂದು ಮೇಲೊಂದು ಕೆಳಗೊಂದು ಆಗುತ್ತದೆ. ಕೊನೆಗೆ ಡ್ರಾಯರಿನ ಬದಿಯನ್ನು ಕೀಸಬೇಕಾಗುತ್ತದೆ.

ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಇಬ್ಬರೂ ಅಜ್ಞಾನಿಗಳಲ್ಲ. ಒಬ್ಬರು ಪ್ಲೈನ ಹೆಸರನ್ನು ಅಳತೆ ಎಂದು ನಂಬಿದರು, ಇನ್ನೊಬ್ಬರು ಚಾನೆಲ್ಲಿನ ಅಳತೆಗೆ ಪ್ಲೈನ ವಾಡಿಕೆ ಹಚ್ಚಿದರು. ಡ್ರಾಯರ್ ಬಿಗಿಯಾದಾಗ ಬಾಕ್ಸೇ ಸೊಟ್ಟವೋ ಲೆಕ್ಕ ಸೊಟ್ಟವೋ ಎಂದು ತಿಳಿಯುವುದು ಕಷ್ಟವಲ್ಲ. ಬಾಕ್ಸಿನ ಒಳ ಅಗಲವನ್ನು ಮುಂದೆಯೂ ಹಿಂದೆಯೂ ಅಳೆಯಿರಿ. ಎರಡೂ ಒಂದೇ ಇದ್ದು ಡ್ರಾಯರ್ ಬಿಗಿಯಾಗಿದ್ದರೆ ಲೆಕ್ಕ ತಪ್ಪಿದೆ. ಮುಂದಿಗೂ ಹಿಂದಿಗೂ ವ್ಯತ್ಯಾಸವಿದ್ದರೆ ಮೂಲೆಮಟ್ಟ ತಪ್ಪಿದೆ. ಇಷ್ಟನ್ನು ನೋಡದೆಯೇ ಕೂಲಿ ಹಿಡಿಯುವ ಸೈಟುಗಳನ್ನು ಕಂಡಿದ್ದೇನೆ, ಅದು ಅನ್ಯಾಯ.

"ಮರದ ಕೆಲಸದಲ್ಲಿ ಒಂದೆರಡು ಎಂಎಂ ಯಾವ ಲೆಕ್ಕ, ಮರವೇ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ" ಎಂಬ ವಾದ ಇಲ್ಲಿ ಬರುತ್ತದೆ. ಗಟ್ಟಿ ಮರದ ವಿಷಯದಲ್ಲಿ ಅದು ಅರ್ಧ ಸತ್ಯ. ಸಾಗುವಾನಿ ಹಲಗೆ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಬದಲಾಗುವುದು ಗಣನೆಗೆ ಬಾರದಷ್ಟು. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುವುದರಿಂದ ಅದರ ಅಗಲ ಉದ್ದಗಳು ಹೆಚ್ಚು ಅಲುಗುವುದಿಲ್ಲ. ಬಾಗಿಲ ಚೌಕಟ್ಟಿನ ಕಾಲದಲ್ಲಿ ಹುಟ್ಟಿದ ಸಮಾಧಾನವನ್ನು ಪ್ಲೈ ಮತ್ತು ಉಕ್ಕಿನ ಚಾನೆಲ್ಲಿನ ಕಾಲಕ್ಕೆ ತಂದು ಹಚ್ಚಿದರೆ ನಿಲ್ಲುವುದಿಲ್ಲ. ಮೇಲಾಗಿ ಮರದ ಹಿಗ್ಗುಕುಗ್ಗು ಎರಡೂ ಕಡೆಗೆ ಹೋಗುತ್ತದೆ. ಲೆಕ್ಕದ ತಪ್ಪು ಯಾವಾಗಲೂ ಒಂದೇ ಕಡೆಗೆ ಹೋಗುತ್ತದೆ, ಹೋಗುತ್ತಾ ಕೂಡುತ್ತದೆ.

ಹೇಗೆ ಕೂಡುತ್ತದೆ ಎಂಬುದಕ್ಕೆ "ಇಂಚಿಗೆ 25, ಅಡಿಗೆ 300" ಎಂಬ ಬಾಯಿಪಾಠವೇ ಸಾಕ್ಷಿ. ಇಂಚಿಗೆ 0.4 ಬಿಟ್ಟರೆ ಏನು ಮಹಾ ಎನಿಸುತ್ತದೆ. ಅಡಿಗೆ ಅದು ಐದು ಎಂಎಂ ಹತ್ತಿರ, ಹತ್ತಡಿ ಗೋಡೆಗೆ 48 ಎಂಎಂ. ನಕ್ಷೆಯಲ್ಲಿ 600ರ ಐದು ಬಾಕ್ಸ್ ಸಾಲಾಗಿ 3000 ಎಂದಿದೆ. 600 ಅಂದರೆ ಎರಡಡಿ ಎಂದು ಬಾಯಿಪಾಠ ಒಪ್ಪಿಸಿ ಟೇಪಿನ ಇಂಚಿನ ಅಂಚಿನಲ್ಲಿ 24 ಇಂಚಿಗೆ ಗೆರೆ ಎಳೆದರೆ ಪ್ರತಿ ಬಾಕ್ಸೂ 609.6 ಆಗುತ್ತದೆ, ಐದು ಸೇರಿ 3048. ಗೋಡೆಯಿಂದ ಗೋಡೆಗೆ 3010 ಇರುವ ಜಾಗದಲ್ಲಿ ನಾಲ್ಕು ಬಾಕ್ಸ್ ಕೂರುತ್ತವೆ, ಐದನೆಯದು ಹೊರಗೆ ನಿಲ್ಲುತ್ತದೆ. ಇಂಥ ತಪ್ಪನ್ನು ಗುರುತಿಸಲು ಒಂದು ಸುಲಭದ ಲಕ್ಷಣವಿದೆ. ಉದ್ದ ಹೆಚ್ಚಿದಂತೆ ವ್ಯತ್ಯಾಸವೂ ಹೆಚ್ಚುತ್ತಿದ್ದರೆ ಅದು ಪರಿವರ್ತನೆಯ ತಪ್ಪು. ಚಿಕ್ಕ ಹಲಗೆಗೂ ದೊಡ್ಡ ಹಲಗೆಗೂ ಒಂದೇ ಪ್ರಮಾಣದ ವ್ಯತ್ಯಾಸ ಬರುತ್ತಿದ್ದರೆ ಟೇಪಿನ ತುದಿಯ ಕೊಕ್ಕೆ ಬಾಗಿದೆ ಎಂದು ತಿಳಿಯಬೇಕು. ಆ ಕೊಕ್ಕೆ ಸ್ವಲ್ಪ ಅಲ್ಲಾಡುವುದು ಸಡಿಲವಾಗಿರುವುದರಿಂದಲ್ಲ. ಹೊರಗೆ ಸಿಕ್ಕಿಸಿ ಎಳೆದಾಗಲೂ ಒಳಗೆ ಒತ್ತಿ ಹಿಡಿದಾಗಲೂ ಅದರ ದಪ್ಪ ಲೆಕ್ಕಕ್ಕೆ ಸರಿಹೋಗಲಿ ಎಂದು ಹಾಗೆ ಮಾಡಿರುತ್ತಾರೆ. ಅದನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಬಾರದು.

ಸರಿಯಾದ 25.4 ಬಳಸಿದವರೂ ಕೂಡುವ ತಪ್ಪಿನಿಂದ ಪಾರಾಗುವುದಿಲ್ಲ. ಪಾರ್ಟಿಶನ್ನಿಗೆ ಸಾಲಾಗಿ ಮರದ ಪಟ್ಟಿಗಳನ್ನು ನಿಲ್ಲಿಸಬೇಕು, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 1 ಇಂಚು 5 ನೂಲು, ಅಂಥ ಅಂತರ 24. ಒಂದು ಅಂತರ 41.275 ಎಂಎಂ. ಟೇಪಿನಲ್ಲಿ ಅಷ್ಟು ಓದಲಾಗದು, 41 ಎಂದು ಇಟ್ಟುಕೊಂಡು ಒಂದೊಂದಾಗಿ ಗೆರೆ ಎಳೆಯುತ್ತಾ ಹೋದರೆ ಕೊನೆಯ ಪಟ್ಟಿ 984ಕ್ಕೆ ಬಂದು ನಿಲ್ಲುತ್ತದೆ. ಅದು ನಿಲ್ಲಬೇಕಾದದ್ದು 990.6ಕ್ಕೆ. ಕೊನೆಯ ಸಂದು ಉಳಿದವಕ್ಕಿಂತ ಆರೇಳು ಎಂಎಂ ಅಗಲವಾಗಿ, ಕೋಣೆಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮಾಡಬೇಕಾದ್ದು ಇಷ್ಟು: ಮೊದಲು ಇಡೀ ಉದ್ದವನ್ನು ಬದಲಾಯಿಸಿ, ಟೇಪನ್ನು ಒಂದೇ ಸಲ ತುದಿಗೆ ಸಿಕ್ಕಿಸಿ, ಎಲ್ಲ ಗೆರೆಗಳನ್ನೂ ಸೊನ್ನೆಯಿಂದಲೇ ಹಾಕಬೇಕು. 41, 83, 124, 165 ಹೀಗೆ ಪ್ರತಿಯೊಂದನ್ನೂ ಮೂಲದ ಗುಣಲಬ್ಧದಿಂದ ತೆಗೆದು ಹತ್ತಿರದ ಎಂಎಂಗೆ ತಂದರೆ ಯಾವ ಗೆರೆಯೂ ಅರ್ಧ ಎಂಎಂಗಿಂತ ಹೆಚ್ಚು ಅತ್ತಿತ್ತ ಹೋಗುವುದಿಲ್ಲ. ಕೂಡಿದ ಮೇಲೆ ಅಂಕಿ ಬಿಡಬೇಕು, ಬಿಟ್ಟ ಮೇಲೆ ಕೂಡಬಾರದು.

ಎಂಎಂನಿಂದ ನೂಲಿಗೆ ಹೋಗುವುದಂತೂ ಇನ್ನೂ ಕೆಟ್ಟದ್ದು. ಒಂದು ನೂಲು 3.175 ಎಂಎಂ. ಹತ್ತಿರದ ನೂಲಿಗೆ ತಂದಾಗ ಒಂದೂವರೆ ಎಂಎಂವರೆಗೆ ತಪ್ಪಬಹುದು. ಮೇಲಿನ 564ರ ತೆರಪಿಗೆ ನಡುವೆ ಒಂದು ಹಲಗೆ ಬೇಕು ಎನ್ನಿ. 564 ಎಂದರೆ 22.2 ಇಂಚು, ಹತ್ತಿರದ ನೂಲು ಹಿಡಿದರೆ 22 ಇಂಚು 2 ನೂಲು, ಅದು 565.15 ಎಂಎಂ. ಹಲಗೆ ಒಳಗೆ ಹೋಗುವುದೇ ಇಲ್ಲ. ಟೇಪಿನಲ್ಲಿ ಇಂಚಿಗೆ ಹದಿನಾರು ಗೆರೆ ಇವೆ, ಅರ್ಧ ನೂಲು ಓದಬಹುದಲ್ಲ ಎನ್ನಬಹುದು. ಓದಬಹುದು, ಆದರೆ ಕೂಗಿ ಹೇಳುವಾಗ ಅರ್ಧ ನೂಲು ಬಿದ್ದುಹೋಗುತ್ತದೆ. ನಕ್ಷೆ ಎಂಎಂನಲ್ಲಿದ್ದರೆ ಅದನ್ನು ಇಂಚಿಗೆ ತಿರುಗಿಸುವ ಕೆಲಸವನ್ನು ಯಾರೂ ಮಾಡಬಾರದು, ಡಿಸೈನರ್ ಮಾಡಿಕೊಟ್ಟರೂ ತೆಗೆದುಕೊಳ್ಳಬಾರದು ಎಂದೇ ನಾನು ಹೇಳುತ್ತೇನೆ.

ಹಾಗಿದ್ದರೆ ಇಂಚು ಇನ್ನೂ ಏಕೆ ಉಳಿದಿದೆ? ಬಡಗಿಯ ಹಟದಿಂದಲ್ಲ. ನಮ್ಮ ದೇಶ ಮೆಟ್ರಿಕ್ ಕಾಯ್ದೆ ಮಾಡಿದ್ದು 1956ರಲ್ಲಿ. ಈಗಿರುವ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯೂ ಮೆಟ್ರಿಕ್ ಮಾನವನ್ನೇ ಒಪ್ಪುತ್ತದೆ. ಆದರೂ ಬಡಗಿಗೆ ಕೂಲಿ ಕೊಡುವುದು ಚದರ ಅಡಿಗೆ, ಪ್ಲೈ ಬೆಲೆ ಹೇಳುವುದು ಚದರ ಅಡಿಗೆ, ಬಿಲ್ಲು ಬರೆಯುವುದು ಚದರ ಅಡಿಗೆ. ನಕ್ಷೆ ಮಾತ್ರ ಎಂಎಂನಲ್ಲಿ ಕೊಡುತ್ತೇವೆ. ದುಡ್ಡು ಅಡಿಯಲ್ಲಿ ಬರುವವರೆಗೆ ಮನಸ್ಸು ಅಡಿಯಲ್ಲೇ ಲೆಕ್ಕ ಹಾಕುತ್ತದೆ. ಎಂಎಂ ಕಲಿಯಿರಿ ಎಂದು ಬಡಗಿಗೆ ಬುದ್ಧಿ ಹೇಳುವ ಕಂಟ್ರ್ಯಾಕ್ಟರುಗಳು ಮೊದಲು ತಮ್ಮ ಬಿಲ್ಲನ್ನು ಚದರ ಮೀಟರಿಗೆ ತರಲಿ. ಅದನ್ನು ಯಾರೂ ಮಾಡುತ್ತಿಲ್ಲ.

ನಾನು ಒತ್ತಾಯಿಸುವುದು ಒಂದೇ ಕ್ರಮವನ್ನು. ಎಂಎಂನಲ್ಲಿ ಆಗಬೇಕಾದ ಕೆಲಸಕ್ಕೆ ಎಂಎಂನಲ್ಲೇ ಹೊಸದಾಗಿ ಅಳೆಯಿರಿ. ಇಂಚಿನಲ್ಲಿ ಬರೆದಿಟ್ಟ ಹಳೆಯ ಅಳತೆಯನ್ನು ತಿರುಗಿಸುವ ಬದಲು ಮತ್ತೆ ಗೋಡೆಯ ಬಳಿಗೆ ಹೋಗಿ ಟೇಪು ಹಿಡಿಯಿರಿ, ಫೋನ್ ತೆಗೆಯುವಷ್ಟೇ ಹೊತ್ತು ಸಾಕು. ಪ್ಲೈ, ಚಾನೆಲ್, ಕೀಲು ಯಾವುದೇ ಇರಲಿ, ಅಂಗಡಿಯ ಹೆಸರನ್ನು ಲೆಕ್ಕಕ್ಕೆ ಹಾಕದೆ ಕೈಯಲ್ಲಿರುವ ಸಾಮಾನನ್ನೇ ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದು ನೋಡಿ. 18 ಎಂದು ಮುದ್ರಿಸಿದ ಹಾಳೆ ಅಷ್ಟು ದಪ್ಪ ಇಲ್ಲದಿರುವುದೂ ಉಂಟು, ಆಗ ಆ ಬಾಕ್ಸಿನ 564 ಸಹ 564 ಆಗಿರುವುದಿಲ್ಲ. ಡ್ರಾಯರ್ ಕತ್ತರಿಸುವ ಮೊದಲು ಬಾಕ್ಸ್ ಕಟ್ಟಿ ಮುಗಿಸಿ ತೆರಪನ್ನು ಅಳೆದವರಿಗೆ ಈ ತೊಂದರೆಯೇ ಇಲ್ಲ.

ತಿರುಗಿಸಲೇಬೇಕಾದ ಸಂದರ್ಭವೂ ಬರುತ್ತದೆ. ಊರಿನ ಮನೆಯಿಂದ ಯಾರೋ ಅಡಿ ಇಂಚು ನೂಲಿನಲ್ಲಿ ಅಳತೆ ಕಳಿಸಿರುತ್ತಾರೆ, ಮತ್ತೆ ಹೋಗಿ ಅಳೆಯುವಂತಿಲ್ಲ. ಆಗ ಚುಕ್ಕೆಯನ್ನು ಬಳಸದೆ ಮೂರನ್ನೂ ಬೇರೆಬೇರೆಯಾಗಿ ಬರೆಸಿಕೊಂಡು ಒಂದೊಂದನ್ನೇ ತಿರುಗಿಸಿ: ಅಡಿಗೆ 304.8, ಇಂಚಿಗೆ 25.4, ನೂಲಿಗೆ 3.175. ಮನಸ್ಸಿನಲ್ಲೇ ಮಾಡುವವರು ಇಂಚನ್ನು 25ರಿಂದ ಗುಣಿಸಿ, ಅದಕ್ಕೆ ಇಂಚಿನ ಸಂಖ್ಯೆಯ ಹತ್ತರಲ್ಲಿ ನಾಲ್ಕು ಭಾಗ ಸೇರಿಸಿದರಾಯಿತು. 34 ಇಂಚಿಗೆ 850, ಜೊತೆಗೆ 13.6, ಒಟ್ಟು 863.6. ಆರು ನೂಲಿಗೆ 19.05 ಕೂಡಿದರೆ 882.65. ಇಲ್ಲಿ ಮಾತ್ರ, ಕೊನೆಯ ಸಾಲಿನಲ್ಲಿ, ಪೂರ್ಣಾಂಕಕ್ಕೆ ತರಬೇಕು. ಯಾವ ಕಡೆಗೆ ತರಬೇಕು ಎಂಬುದನ್ನು ಅಂಕಗಣಿತಕ್ಕೆ ಬಿಡಬಾರದು. ಒಳಗೆ ಕೂರುವ ಹಲಗೆಯಾದರೆ 882, ಹೊರಗಿನಿಂದ ಮುಚ್ಚುವ ಹಲಗೆಯಾದರೆ 883. ಎರಡೂ ಸರಿಯಾದ ಉತ್ತರಗಳು, ಯಾವುದು ಬೇಕೆಂದು ಫೋನಿಗೆ ಗೊತ್ತಿಲ್ಲ, ಬಡಗಿಗೆ ಗೊತ್ತು.

ಇನ್ನು ಟೇಪಿನ ಮಾತು. ಎರಡೂ ಮಾನವಿದ್ದರೆ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ, ನನಗೆ ಅದು ಅಪಾಯವೆಂದೇ ತೋರುತ್ತದೆ. ಇಂಚು ಮೇಲಂಚಿನಲ್ಲಿದ್ದು ಎಂಎಂ ಕೆಳಅಂಚಿನಲ್ಲಿರುವ ಟೇಪನ್ನು ಹಲಗೆಯ ಮೇಲೆ ಚಾಚಿದಾಗ ಗೆರೆ ಎಳೆಯಬೇಕಾದ ಕಡೆ ಯಾವ ಅಂಚು ಸಿಗುತ್ತದೋ ಅದನ್ನೇ ಕಣ್ಣು ಓದುತ್ತದೆ. ತಲೆಯಲ್ಲಿ ಎಂಎಂ ಇಟ್ಟುಕೊಂಡವನು ಕೈಗೆ ಸಿಕ್ಕ ಇಂಚನ್ನು ಓದಿ ಮತ್ತೆ ತಿರುಗಿಸುತ್ತಾನೆ. ಎರಡೂ ಅಂಚಿನಲ್ಲಿ ಎಂಎಂ ಮಾತ್ರ ಇರುವ ಟೇಪುಗಳು ತಯಾರಾಗುತ್ತವೆ. ಅವುಗಳ ಮೇಲೆ ರೋಮನ್ ಅಂಕಿಯಲ್ಲಿ ದರ್ಜೆ ಮುದ್ರಿಸಿರುವುದನ್ನೂ ನೋಡಿ ಕೊಳ್ಳಬೇಕು. ಎರಡನೇ ದರ್ಜೆಯ ಟೇಪು ಮೂರು ಮೀಟರಿಗೆ 0.9 ಎಂಎಂವರೆಗೆ ತಪ್ಪಬಹುದು, ಮೊದಲ ದರ್ಜೆಯದು 0.4. ಒಂದು ಮನೆಯ ಕೆಲಸಕ್ಕೆ ಒಂದೇ ದರ್ಜೆಯ, ಒಂದೇ ಮಾನದ ಟೇಪುಗಳನ್ನು ಕಂಟ್ರ್ಯಾಕ್ಟರೇ ಕೊಂಡು ಪ್ರತಿಯೊಬ್ಬ ಬಡಗಿಯ ಕೈಗೂ ಹುಡುಗನ ಕೈಗೂ ಕೊಡಬೇಕು. ಅದಕ್ಕೆ ತಗಲುವ ದುಡ್ಡು ಕೆಟ್ಟುಹೋದ ಒಂದು ಪ್ಲೈ ಹಾಳೆಯ ಬೆಲೆಯಷ್ಟೂ ಆಗುವುದಿಲ್ಲ.